ಕನ್ನಡ ಪ್ರಬಂಧಕ್ಕೆ ಎಐ ಡಿಟೆಕ್ಟರೋ, ವರ್ಷನ್ ಹಿಸ್ಟರಿಯೋ?

ವಿದ್ಯಾರ್ಥಿ ಕೊಟ್ಟ ಕನ್ನಡ ಪ್ರಬಂಧವನ್ನು ಯಂತ್ರ ಬರೆಯಿತೇ ಎಂದು ತಿಳಿಯಲು ನನ್ನ ಆಯ್ಕೆ ಗೂಗಲ್ ಡಾಕ್ಸ್‌ನ ಯಾವಾಗ ಏನು ಬರೆದು ತಿದ್ದಿದ್ದು ಎಂದು ತೋರಿಸುವ ವರ್ಷನ್ ಹಿಸ್ಟರಿ, ಜೊತೆಗೆ ಐದು ನಿಮಿಷದ ಮಾತುಕತೆ. ದುಡ್ಡು ಬೇಕಿಲ್ಲ, ಸಮಯ ಬೇಕು. ಅದರ ಎದುರಿಗೆ ಇಟ್ಟು ನೋಡಿದವು ಮೂರು: ಇಂಗ್ಲಿಷ್‌ಗಾಗಿ ತಯಾರಾದ ಡಿಟೆಕ್ಟರ್, ಪ್ರಬಂಧವನ್ನು ಇಂಗ್ಲಿಷ್‌ಗೆ ಅನುವಾದಿಸಿ ಅದೇ ಡಿಟೆಕ್ಟರ್‌ಗೆ ಕೊಡುವ ದಾರಿ, ಕನ್ನಡ ಓದಬಲ್ಲ ಬಹುಭಾಷಾ ಮಾದರಿ.

ಇಂಗ್ಲಿಷ್ ಡಿಟೆಕ್ಟರ್‌ನ ತೊಂದರೆಯನ್ನೇ ಬಿಡಿಸಿ ಹೇಳಬೇಕು, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಪಠ್ಯ ಕೊಟ್ಟರೆ ‘ಈ ಭಾಷೆ ನನಗೆ ಬರುವುದಿಲ್ಲ’ ಎನ್ನದೆ ಶೇಕಡಾವಾರು ಅಂಕವೊಂದನ್ನು ಕೊಟ್ಟೇಬಿಡುವ ಸಾಧನಗಳಿವೆ. ಆ ಅಂಕ ಬರುವುದು ಎಲ್ಲಿಂದ? ಜಿಪಿಟಿ-2 ಎಂಬ ತನ್ನದೇ ಭಾಷಾ ಮಾದರಿಯ ಬರಹವನ್ನು ಹಿಡಿಯಲೆಂದು ಓಪನ್‌ಎಐ 2019ರಲ್ಲಿ ಬಿಡುಗಡೆ ಮಾಡಿದ, ಈಗಲೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ರಾಬರ್ಟಾ ಡಿಟೆಕ್ಟರನ್ನೇ ತೆಗೆದುಕೊಳ್ಳಿ. ಅದು ಪದಗಳನ್ನು ಓದುವುದಿಲ್ಲ, ಬೈಟ್‌ಗಳಿಂದ ಕಟ್ಟಿದ ಟೋಕನ್ ಎಂಬ ತುಂಡುಗಳನ್ನು ಓದುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ‘ಬರೆಯುತ್ತಿದ್ದಾರೆ’ ಎಂಬ ಒಂದು ಪದದಲ್ಲಿ ಗುಣಿತ, ಹಲಂತ ಎಲ್ಲ ಸೇರಿ 15 ಚಿಹ್ನೆ, ಅಂದರೆ 45 ಬೈಟ್. ಬೈಟ್‌ಗಳು ಎರಡೆರಡಾಗಿ ಕೂಡಿಕೊಂಡರೂ 30 ಟೋಕನ್ ಆಸುಪಾಸು ಆಗುತ್ತದೆ. ಈ ಮಾದರಿ ಒಮ್ಮೆಗೆ ನೋಡುವುದು 512 ಟೋಕನ್ ಮಾತ್ರ. ಪದಕ್ಕೆ ಸರಾಸರಿ ಎಂಟು ಚಿಹ್ನೆ ಎಂದು ಹಿಡಿದರೂ ಅದು ಮೂವತ್ತು ಚಿಲ್ಲರೆ ಪದಕ್ಕೆ ಮುಗಿಯಿತು. 400 ಪದದ ಪ್ರಬಂಧದಲ್ಲಿ ಅದು ಓದಿದ್ದು ಮೊದಲ ಎರಡು ಮೂರು ವಾಕ್ಯ, ಅಂಕ ಕೊಟ್ಟಿದ್ದು ಇಡೀ ಪ್ರಬಂಧಕ್ಕೆ. (ಕೆಲವು ಸಾಧನಗಳು ಪಠ್ಯವನ್ನು ತುಂಡು ತುಂಡಾಗಿ ಕೊಡುತ್ತವೆ. ಆಗ ಈ ದೋಷ ತಪ್ಪುತ್ತದೆ, ಮುಂದಿನದು ತಪ್ಪುವುದಿಲ್ಲ.)

ಇದನ್ನು ನಂಬಬೇಕಿಲ್ಲ, ಎಣಿಸಿ ನೋಡಬಹುದು:

```
from transformers import AutoTokenizer
t = open("prabandha.txt", encoding="utf-8").read()
for m in ["openai-community/roberta-base-openai-detector",
          "FacebookAI/xlm-roberta-base"]:
    n = len(AutoTokenizer.from_pretrained(m)(t)["input_ids"])
    print(m, n, n / len(t.split()))
```

ಕೊನೆಯ ಸಂಖ್ಯೆ ಒಂದು ಪದಕ್ಕೆ ಎಷ್ಟು ಟೋಕನ್ ಎಂಬುದು. ಕೋಡ್ ಬೇಡವೆಂದರೆ ಇನ್ನೊಂದು ಪರೀಕ್ಷೆ ಇದೆ: ಪ್ರಬಂಧದ ಮೊದಲ ಪ್ಯಾರಾ ಹಾಗೇ ಇಟ್ಟು, ಉಳಿದದ್ದನ್ನು ಅಳಿಸಿ ಬೇರೆ ಯಾವುದೋ ಬರಹ ಅಂಟಿಸಿ. ಅಂಕ ಒಂದಿಷ್ಟೂ ಅಲುಗದಿದ್ದರೆ ಆ ಸಾಧನ ಕೆಳಗಿನದನ್ನು ಓದಿಯೇ ಇಲ್ಲ.

ಮುಂದಿನ ದೋಷ ‘ಊಹೆಗೆ ಎಷ್ಟು ಸುಲಭ’ ಎಂದು ಅಳೆಯುವ ಸಾಧನಗಳದ್ದು. ಮುಂದಿನ ಟೋಕನ್ ಸುಲಭವಾಗಿ ಊಹೆಗೆ ಸಿಕ್ಕರೆ ಯಂತ್ರದ ಬರಹ, ಸಿಗದಿದ್ದರೆ ಮನುಷ್ಯನದು ಎನ್ನುವುದು ಅವುಗಳ ತರ್ಕ. ಕನ್ನಡದ ಪ್ರತಿ ಚಿಹ್ನೆಯ ಮೊದಲ ಬೈಟ್ `E0`, ಎರಡನೆಯದು `B2` ಅಥವಾ `B3`, ಈ ಎರಡು ಬಿಟ್ಟರೆ ಬೇರೆ ಆಯ್ಕೆಯೇ ಇಲ್ಲ. ಅಂದಮೇಲೆ ಮೂರರಲ್ಲಿ ಎರಡು ಬೈಟ್‌ಗಳನ್ನು ಯಾವ ಮಾದರಿಯೂ ಹೆಚ್ಚುಕಡಿಮೆ ಕಣ್ಣುಮುಚ್ಚಿ ಹೇಳೀತು. ಸರಾಸರಿ ತೆಗೆದಾಗ, ಎಷ್ಟೇ ಸ್ವಂತಿಕೆಯ ಕನ್ನಡವಾದರೂ ‘ಸುಲಭ’ದ ಕಡೆಗೆ, ಅಂದರೆ ‘ಯಂತ್ರ’ದ ಕಡೆಗೆ ವಾಲುತ್ತದೆ. ಲೇಖಕರ ಶೈಲಿಗೂ ಅದಕ್ಕೂ ಸಂಬಂಧವಿಲ್ಲ. ಅದು ಲಿಪಿಯ ಸಂಕೇತದ ಗುಣ.

ಕಂಗ್ಲಿಷ್ ಬೆರೆತರೆ ಲೆಕ್ಕ ತಿರುಗುತ್ತದೆ. ಈ ಎರಡು ಸಾಲು ನೋಡಿ:

ಮಣ್ಣಿನ moisture ಕಡಿಮೆಯಾದಾಗ sensor ಒಂದು signal ಕಳಿಸುತ್ತದೆ.
ಮಣ್ಣಿನ ಮಾಯಿಶ್ಚರ್ ಕಡಿಮೆಯಾದಾಗ ಸೆನ್ಸರ್ ಒಂದು ಸಿಗ್ನಲ್ ಕಳಿಸುತ್ತದೆ.

ಬರೆದವರು ಒಬ್ಬರೇ, ಓದಿದರೆ ಕೇಳಿಸುವುದೂ ಒಂದೇ. ಆದರೆ ಮೊದಲನೆಯದರಲ್ಲಿ ಲಿಪಿ ಬದಲಾಗುವ ಜಾಗದಲ್ಲೆಲ್ಲ ಮಾದರಿಯ ಊಹೆ ತಪ್ಪುತ್ತದೆ, ಅಂಕ ‘ಮನುಷ್ಯ’ದ ಕಡೆಗೆ ಜಾರುತ್ತದೆ. ಇಂಗ್ಲಿಷ್ ಪದಕ್ಕೆ ಒಂದೋ ಎರಡೋ ಟೋಕನ್ ಸಾಕಾದ್ದರಿಂದ ಅದೇ 512ರೊಳಗೆ ಹೆಚ್ಚು ಪಠ್ಯವೂ ಹಿಡಿಸುತ್ತದೆ. ಎರಡನೆಯದು ಮತ್ತೆ ಬೈಟ್‌ಗಳ ರಾಶಿ. ಅಂದರೆ ಯಂತ್ರದಿಂದ ಬರೆಸಿದವರು ಹತ್ತು ಪದಗಳನ್ನು ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿದರೆ ಪಾರಾಗುವ ಸಾಧ್ಯತೆ ಹೆಚ್ಚು. ಇಡೀ ಪ್ರಬಂಧವನ್ನು ಶ್ರದ್ಧೆಯಿಂದ ಕನ್ನಡ ಲಿಪಿಯಲ್ಲೇ ಬರೆದವರು ಸಿಕ್ಕಿಬೀಳುತ್ತಾರೆ. ನಿಮ್ಮ ಸಾಧನಕ್ಕೂ ಇದೇ ರೋಗವಿದೆಯೇ ಎಂದು ತಿಳಿಯಲು ಒಂದೇ ಪ್ರಬಂಧವನ್ನು ಈ ಎರಡೂ ರೂಪದಲ್ಲಿ ಕೊಡಿ.

ಅನುವಾದಿಸಿ ಪರೀಕ್ಷಿಸುವ ದಾರಿಯನ್ನು ಕೈಬಿಡಿ. ಅನುವಾದವಾಗಿ ಬಂದ ಇಂಗ್ಲಿಷ್ ವಾಕ್ಯ ಯಂತ್ರದ್ದೇ. ಪರೀಕ್ಷೆಗೆ ನಿಂತದ್ದು ವಿದ್ಯಾರ್ಥಿಯಲ್ಲ, ಅನುವಾದಕ ಯಂತ್ರ. ಮನುಷ್ಯರೇ ಬರೆದ ಇಂಗ್ಲಿಷ್‌ನಲ್ಲೂ ಈ ಸಾಧನಗಳು ಎಡವುತ್ತವೆ: 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರ 91 ಟೋಫೆಲ್ ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟಾಗ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಯಂತ್ರದ್ದೆಂದು ತಪ್ಪಾಗಿ ಗುರುತಿಸಿದವು. ಪದಸಂಪತ್ತು ಸೀಮಿತವಾಗಿದ್ದರೆ ಊಹೆ ಸುಲಭ, ಅಷ್ಟೇ ಕಾರಣ.

ಮೂರರಲ್ಲಿ ಸ್ವಲ್ಪ ಮರ್ಯಾದೆ ಸಲ್ಲಬೇಕಾದ್ದು ಬಹುಭಾಷಾ ಮಾದರಿಗೆ. ಎಕ್ಸ್‌ಎಲ್‌ಎಂ-ರಾಬರ್ಟಾ ಕಲಿತ ನೂರು ಭಾಷೆಗಳಲ್ಲಿ ಕನ್ನಡವೂ ಇದೆ, ಅದು ಪದವನ್ನು ಬೈಟ್‌ಗಳಾಗಿ ಒಡೆಯುವುದಿಲ್ಲ. ಮೇಲಿನ ಕೋಡ್ ಓಡಿಸಿದರೆ ವ್ಯತ್ಯಾಸ ಕಾಣುತ್ತದೆ. ಆದರೆ ಓದಲು ಬರುವುದು ಬೇರೆ, ಪತ್ತೆ ಹಚ್ಚುವುದು ಬೇರೆ. ಅದಕ್ಕೆ ಮನುಷ್ಯರು ಬರೆದ, ಯಂತ್ರ ಬರೆದ ಎರಡೂ ಬಗೆಯ ಕನ್ನಡ ಪ್ರಬಂಧಗಳನ್ನು ಕೊಟ್ಟು ತರಬೇತಿ ಮಾಡಬೇಕು. ಎಡವಟ್ಟಾಗುವುದು ಅಲ್ಲೇ. ಮನುಷ್ಯರು ಬರೆದ ಪ್ರಬಂಧಗಳನ್ನು ‘ನುಡಿ’ ತಂತ್ರಾಂಶದ ಹಳೆಯ ಫೈಲ್‌ಗಳಿಂದ ಪರಿವರ್ತಿಸಿ ತಂದರೆ ಅವುಗಳಲ್ಲಿ ಜೋಡಿ ಖಾಲಿ ಜಾಗ, ಕಾಣದ ಜೋಡಣಾ ಚಿಹ್ನೆ, ಎರಡು ತುಂಡಾಗಿ ಕೂತ ‘ೊ’ ಉಳಿದಿರುತ್ತವೆ. ಯಂತ್ರದ ಪಠ್ಯ ಶುದ್ಧ ಯೂನಿಕೋಡ್. ಮಾದರಿ ಕಲಿಯುವುದು ಆ ಕಸವನ್ನು, ಶೈಲಿಯನ್ನಲ್ಲ. ತರಬೇತಿಗೂ ಪರೀಕ್ಷೆಗೂ ಮೊದಲು ಎಲ್ಲ ಪಠ್ಯವನ್ನು, ತುಂಡಾದ ಚಿಹ್ನೆಗಳು ಒಂದಾಗಿ ಕೂಡುವ `NFC` ರೂಪಕ್ಕೆ ತಂದು, ಕಾಣದ ಚಿಹ್ನೆಗಳನ್ನೂ ಹೆಚ್ಚುವರಿ ಜಾಗಗಳನ್ನೂ ತೆಗೆಯದಿದ್ದರೆ ಅಂಕ ಎಷ್ಟೇ ಚೆನ್ನಾಗಿ ಬಂದರೂ ಅರ್ಥವಿಲ್ಲ.

ಇನ್ನು ನನ್ನ ಆಯ್ಕೆ. ಪ್ರಬಂಧವನ್ನು ಮೊದಲ ಸಾಲಿನಿಂದಲೇ ಡಾಕ್ಸ್‌ನಲ್ಲಿ ಬರೆಯಲು ಹೇಳಿ, ಎಡಿಟರ್ ಅನುಮತಿಯೊಂದಿಗೆ ಹಂಚಿಕೊಳ್ಳಲು ಹೇಳಿ. ಬರೀ ವ್ಯೂವರ್ ಆದರೆ ಇತಿಹಾಸ ಕಾಣುವುದಿಲ್ಲ; ಪ್ರತಿ ತೆಗೆದು ಕಳಿಸಿದರೆ ಹಳೆಯ ಇತಿಹಾಸ ಅದರ ಜೊತೆ ಬರುವುದಿಲ್ಲ; ಪಿಡಿಎಫ್‌ನಲ್ಲಂತೂ ಏನೂ ಇರುವುದಿಲ್ಲ. ನಂತರ `Ctrl+Alt+Shift+H` ಒತ್ತಿ ಹಂತ ಹಂತವಾಗಿ ನೋಡಿ. ಸ್ವಂತವಾಗಿ ಬರೆದವರು ಹಿಂದೆ ಹೋಗಿ ತಿದ್ದಿರುತ್ತಾರೆ, ಎರಡನೇ ಪ್ಯಾರಾ ಮೇಲಕ್ಕೆ ಬಂದಿರುತ್ತದೆ, ಒಂದು ವಾಕ್ಯ ಮೂರು ಸಲ ಬದಲಾಗಿರುತ್ತದೆ.

ಇದಕ್ಕೂ ಕನ್ನಡದ್ದೇ ಆದ ತೊಡಕೊಂದಿದೆ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ರೂಢಿಯಾದವರ ಫೈಲ್‌ನಲ್ಲಿ ‘ಕನ್ನಡ’ ಎಂಬುದು `PÀ£ÀßqÀ` ಎಂದು ಕೂತಿರುತ್ತದೆ. ಅವರು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ ಡಾಕ್ಸ್‌ಗೆ ಅಂಟಿಸಿದಾಗ ಇಡೀ ಪ್ರಬಂಧ ಒಂದೇ ಏಟಿಗೆ ಬಂದಂತೆ ಕಾಣುತ್ತದೆ, ಥೇಟ್ ನಕಲು ಹೊಡೆದಂತೆ. ಮಾತಿನಿಂದ ಟೈಪ್ ಮಾಡುವವರ ಇತಿಹಾಸವೂ ದೊಡ್ಡ ದೊಡ್ಡ ತುಂಡುಗಳಲ್ಲೇ ಇರುತ್ತದೆ. ಇನ್ನೊಂದು ಕಡೆ, ಯಂತ್ರದ ಬರಹವನ್ನು ಪಕ್ಕದಲ್ಲಿಟ್ಟುಕೊಂಡು ಕೈಯಾರೆ ಟೈಪ್ ಮಾಡಿದವರದ್ದು ಮೇಲಿನಿಂದ ಕೆಳಗೆ ತಿದ್ದುಪಡಿಯಿಲ್ಲದೆ ಸಾಗಿರುತ್ತದೆ. ಚೆನ್ನಾಗಿ ಟಿಪ್ಪಣಿ ಮಾಡಿಕೊಂಡು ಬರೆದವರದ್ದೂ ಹಾಗೇ ಇರಬಹುದು. ಐದು ನಿಮಿಷದ ಮಾತು ಬೇಕಾಗುವುದು ಇದಕ್ಕೇ. ಪ್ರಬಂಧದ ಒಂದು ವಾಕ್ಯ ತೋರಿಸಿ ‘ಇದನ್ನೇ ಆಡುಮಾತಿನಲ್ಲಿ ಹೇಳಿ’ ಎನ್ನಿ. ಒಂದು ಉದಾಹರಣೆ ತೆಗೆದುಹಾಕಿ ಬದಲಿಗೆ ಇನ್ನೊಂದು ಕೇಳಿ. ನುಡಿಯಲ್ಲಿ ಬರೆದವರ ಬಳಿ ಮೂಲ ಫೈಲ್ ಇರುತ್ತದೆ, ಅದನ್ನೂ ಕೇಳಿ.

ಸಂಸ್ಥೆ ಡಿಟೆಕ್ಟರ್ ಬೇಕೇ ಬೇಕೆಂದು ಹಟ ಹಿಡಿದರೆ, 2022ರ ನವೆಂಬರ್‌ಗೆ, ಅಂದರೆ ಚಾಟ್‌ಜಿಪಿಟಿ ಬರುವುದಕ್ಕೆ, ಮುಂಚಿನ 20 ವಿದ್ಯಾರ್ಥಿ ಪ್ರಬಂಧಗಳನ್ನು ಅದಕ್ಕೆ ಕೊಡಿ. ಒಂದೆರಡನ್ನು ಯಂತ್ರದ್ದೆಂದರೂ ಆ ಸಾಧನವನ್ನು ಪಕ್ಕಕ್ಕಿಡಿ. ಒಂದನ್ನೂ ಹಾಗೆನ್ನದಿದ್ದರೂ ಬೀಗಬೇಡಿ: 20ರಲ್ಲಿ ಸೊನ್ನೆ ತಪ್ಪು ಎಂದರೆ ನಿಜವಾದ ತಪ್ಪಿನ ಪ್ರಮಾಣ ಶೇ. 14ರವರೆಗೂ ಇರಬಹುದು ಎಂದೇ ಸಂಖ್ಯಾಶಾಸ್ತ್ರದ ಲೆಕ್ಕ. ಐವತ್ತು ಜನರ ತರಗತಿಯಲ್ಲಿ ಅದು ಏಳು ಮಂದಿ.