ತಿಂಗಳು ಮುಗಿದ ಮೇಲೆ ಮಾಲು ವಾಪಸ್ ಬಂದರೆ ಯಾವ ದಾರಿ ಒಳ್ಳೆಯದು?

ಸಗಟು ಅಂಗಡಿಗಳ ಲೆಕ್ಕ ನೋಡುವವರಿಗೆ ತಿಂಗಳ ಮೊದಲ ವಾರದಲ್ಲಿ ಬರುವ ಫೋನು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಹೋದ ತಿಂಗಳು ಕಳಿಸಿದ ಮಾಲಲ್ಲಿ ಸ್ವಲ್ಪ ವಾಪಸ್ ಬಂದಿದೆ ಸಾರ್, ಹಳೇ ಬಿಲ್ಲನ್ನೇ ಕಮ್ಮಿ ಮಾಡಿಬಿಡಲಾ?" ಇದಕ್ಕೆ ನಾಲ್ಕು ಜನ ನಾಲ್ಕು ದಾರಿ ಹೇಳುತ್ತಾರೆ. ಒಂದು ಕಂಪನಿಯ ಬ್ಯಾಕಪ್ ಇಟ್ಟುಕೊಂಡು, ಅದೇ ವ್ಯವಹಾರವನ್ನು ನಾಲ್ಕೂ ದಾರಿಯಲ್ಲಿ ಟ್ಯಾಲಿಯಲ್ಲಿ ಹಾಕಿ ನೋಡಿದೆ. ಪಾರ್ಟಿ ಲೆಡ್ಜರ್ ಮಾತ್ರ ನೋಡಿದರೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ತೆರಿಗೆ ಮತ್ತು ಸ್ಟಾಕ್ ನೋಡಿದಾಗ ಗೊತ್ತಾಗುತ್ತದೆ.

ವ್ಯವಹಾರ ಹೀಗಿದೆ. ದಾವಣಗೆರೆಯ ಸಗಟು ಅಂಗಡಿ 2025ರ ಜೂನ್ 24ಕ್ಕೆ ಚಿತ್ರದುರ್ಗದ ಅಂಗಡಿಗೆ 40 ಸೀಲಿಂಗ್ ಫ್ಯಾನ್ ಮಾರಿತು. ಒಂದಕ್ಕೆ 2,000 ರೂಪಾಯಿಯಂತೆ 80,000. ಶೇ 18 ಜಿಎಸ್‌ಟಿ 14,400 ಸೇರಿ ಬಿಲ್ಲು 94,400. ಜುಲೈ 6ಕ್ಕೆ 12 ಫ್ಯಾನ್ ವಾಪಸ್ ಬಂದವು. ಅದರಲ್ಲಿ 9 ಚೆನ್ನಾಗಿವೆ, 3ಕ್ಕೆ ಪೆಟ್ಟು ಬಿದ್ದಿದೆ. ನಮಗೆ, ಅಂದರೆ ಮಾರಿದ ದಾವಣಗೆರೆ ಅಂಗಡಿಗೆ, ಒಂದು ಫ್ಯಾನಿನ ಖರೀದಿ ಬೆಲೆ 1,650. ಎರಡೂ ಕಡೆಯವರಿಗೆ ಜಿಎಸ್‌ಟಿ ನಂಬರ್ ಇದೆ.

ತಾರೀಕು ಗಮನಿಸಿ. ಜೂನ್ ತಿಂಗಳ ಮಾರಾಟ ತೋರಿಸುವ ರಿಟರ್ನ್ ಆದ ಜಿಎಸ್‌ಟಿಆರ್-1 ಹಾಕಲು ಜುಲೈ 11ರವರೆಗೆ ಸಮಯವಿದೆ. ಅಂದರೆ ತಿಂಗಳು ಮುಗಿದಿದೆ, ರಿಟರ್ನ್ ಇನ್ನೂ ಹೋಗಿಲ್ಲ. ಆಸೆ ಹುಟ್ಟುವುದೇ ಇಲ್ಲಿ.

ಮೊದಲ ದಾರಿ ಹಳೇ ಬಿಲ್ಲನ್ನೇ ತಿದ್ದುವುದು. ಜೂನ್ 24ರ ಬಿಲ್ಲಿನಲ್ಲಿ 40 ಇದ್ದದ್ದನ್ನು 28 ಮಾಡಿದೆ. ಮಾರಾಟ 56,000ಕ್ಕೆ ಇಳಿಯಿತು, ತೆರಿಗೆ 10,080 ಆಯಿತು, ಪಾರ್ಟಿ ಬಾಕಿ 66,080. ನೋಡಲು ಬಹಳ ಚೊಕ್ಕ. ಆದರೆ ಜೂನ್ 30ರ ಸ್ಟಾಕ್ ತೆಗೆದರೆ ಅದರಲ್ಲಿ 12 ಫ್ಯಾನ್ ಜಾಸ್ತಿ ಬಂದವು. ಅವತ್ತು ಆ ಫ್ಯಾನುಗಳು ಇದ್ದದ್ದು ಚಿತ್ರದುರ್ಗದಲ್ಲಿ! ಬ್ಯಾಂಕಿನ ಸಿಸಿ ಸಾಲಕ್ಕೆ ಜೂನ್ ಸ್ಟಾಕ್ ಸ್ಟೇಟ್‌ಮೆಂಟ್ ಆಗಲೇ ಕೊಟ್ಟಿದ್ದರೆ ಅದಕ್ಕೂ ಪುಸ್ತಕಕ್ಕೂ ತಾಳೆಯಾಗುವುದಿಲ್ಲ. ಇ-ವೇ ಬಿಲ್ಲಿನಲ್ಲಿ 40 ಅಂತಲೇ ಇದೆ, ಅದನ್ನು ರದ್ದು ಮಾಡಲು ಇದ್ದದ್ದು 24 ಗಂಟೆ ಮಾತ್ರ. ಕೊಂಡವರು 40 ಫ್ಯಾನ್ ಖರೀದಿ ಬರೆದು ಖರೀದಿಗೆ ಕೊಟ್ಟ ತೆರಿಗೆಯ 14,400 ಕ್ರೆಡಿಟ್‌ಗೆ ಕಾಯುತ್ತಿದ್ದರೆ, ಪೋರ್ಟಲ್ ಅವರಿಗೆ ತೋರಿಸುವ ಕ್ರೆಡಿಟ್ ಪಟ್ಟಿ ಜಿಎಸ್‌ಟಿಆರ್-2ಬಿಯಲ್ಲಿ 10,080 ಕಾಣುತ್ತದೆ. ಇಷ್ಟೆಲ್ಲ ಮಾಡಿ ಸಿಗುವ ಲಾಭ ಏನು? 4,320 ರೂಪಾಯಿ ತೆರಿಗೆ ಒಂದು ತಿಂಗಳು ಮೊದಲೇ ಕಮ್ಮಿಯಾಗುತ್ತದೆ, ಅಷ್ಟೇ.

ತಿದ್ದುವುದು ಯಾವಾಗಲೂ ತಪ್ಪು ಅಂತ ಹೇಳುತ್ತಿಲ್ಲ. ಕಳಿಸಿದ್ದೇ 28 ಆಗಿ, ಬಿಲ್ಲಿನಲ್ಲಿ ಕೈತಪ್ಪಿ 40 ಬಂದಿದ್ದರೆ ಅದು ಬಿಲ್ಲಿನ ತಪ್ಪು, ತಿದ್ದಬೇಕಾದ್ದೇ. ಜಿಎಸ್‌ಟಿಆರ್-1 ಹಾಕಿಯಾದ ಮೇಲೂ, ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಹಾಕುವ ಮೊದಲು ಜಿಎಸ್‌ಟಿಆರ್-1ಎ ಮೂಲಕ ಸರಿಪಡಿಸಬಹುದು. ಆದರೆ ನಮ್ಮ ವ್ಯವಹಾರದಲ್ಲಿ ಜೂನ್ ಬಿಲ್ಲು ಸರಿಯಾಗಿಯೇ ಇದೆ. ಬದಲಾದದ್ದು ಜುಲೈನಲ್ಲಿ.

ಎರಡನೇ ದಾರಿ ಜಿಎಸ್‌ಟಿ ಸಮೇತ ಕ್ರೆಡಿಟ್ ನೋಟ್. ಕಾಯ್ದೆಯ 34ನೇ ಸೆಕ್ಷನ್ ಮಾಡಿಟ್ಟಿರುವುದೇ ಇಂಥದ್ದಕ್ಕೆ. ಜುಲೈ ತಾರೀಕು ಹಾಕಿ, ಮೂಲ ಬಿಲ್ಲಿನ ನಂಬರ್ ಬರೆದು, ಹೀಗೆ ನಮೂದಿಸುತ್ತೇವೆ:

```
ಸೇಲ್ಸ್ ರಿಟರ್ನ್     ಡೆಬಿಟ್    24,000
ಔಟ್‌ಪುಟ್ ಸಿಜಿಎಸ್‌ಟಿ   ಡೆಬಿಟ್     2,160
ಔಟ್‌ಪುಟ್ ಎಸ್‌ಜಿಎಸ್‌ಟಿ  ಡೆಬಿಟ್     2,160
   ಪಾರ್ಟಿ ಖಾತೆಗೆ    ಕ್ರೆಡಿಟ್   28,320
```

ಜೂನ್ ತೆರಿಗೆ 14,400 ಹಾಗೇ ಕಟ್ಟುತ್ತೇವೆ. ಜುಲೈ ಜಿಎಸ್‌ಟಿಆರ್-1ರ 9ಬಿ ಟೇಬಲ್ಲಿನಲ್ಲಿ ಕ್ರೆಡಿಟ್ ನೋಟ್ ತೋರಿಸುತ್ತೇವೆ. ಜುಲೈ 3ಬಿಯಲ್ಲಿ 4,320 ಕಳೆದು ಬರುತ್ತದೆ. ಜೂನ್ ಸ್ಟಾಕ್ ಮುಟ್ಟಬೇಕಾಗಿಲ್ಲ, ಬ್ಯಾಂಕಿಗೆ ಕೊಟ್ಟ ಲೆಕ್ಕವೂ ನಿಲ್ಲುತ್ತದೆ. ನಾನು ಆರಿಸುವುದು ಇದನ್ನೇ. ಆದರೆ ಎಡವುವ ಜಾಗಗಳೂ ಇದರಲ್ಲೇ ಜಾಸ್ತಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಾರ್ಟಿ ಬಾಕಿಯಿಂದ ಶುರು ಮಾಡೋಣ. ಕ್ರೆಡಿಟ್ ನೋಟ್ ಹಾಕುವಾಗ ಟ್ಯಾಲಿ ಬಿಲ್ ರೆಫರೆನ್ಸ್ ಕೇಳುತ್ತದೆ. ಅಲ್ಲಿ `Agst Ref` ಆರಿಸಿ ಜೂನ್ 24ರ ಬಿಲ್ಲಿಗೇ ಹೊಂದಿಸಬೇಕು. `New Ref` ಕೊಟ್ಟರೆ ಲೆಡ್ಜರ್ ಬಾಕಿ 66,080 ಸರಿಯಾಗಿಯೇ ಕಾಣುತ್ತದೆ, ಆದರೆ ಬಾಕಿ ಪಟ್ಟಿಯಲ್ಲಿ 94,400ರ ಹಳೇ ಬಿಲ್ಲು ಒಂದು ಕಡೆ, 28,320ರ ಕ್ರೆಡಿಟ್ ಇನ್ನೊಂದು ಕಡೆ ನಿಂತುಬಿಡುತ್ತವೆ. ವಸೂಲಿಗೆ ಹೋದ ಹುಡುಗ ಪೂರ್ತಿ 94,400 ಕೇಳುತ್ತಾನೆ, ಅಲ್ಲಿ ಜಗಳ. ಪಾರ್ಟಿ ಆಗಲೇ ಪೂರ್ತಿ ದುಡ್ಡು ಕೊಟ್ಟಿದ್ದರೆ ಮಾತ್ರ ಹೊಸ ರೆಫರೆನ್ಸ್ ಕೊಟ್ಟು ಮುಂದಿನ ಬಿಲ್ಲಿಗೆ ಹೊಂದಿಸಬಹುದು.

ಸ್ಟಾಕ್ ವಿಷಯ ಇನ್ನೂ ಸೂಕ್ಷ್ಮ. ವಾಪಸ್ ಬಂದ 12 ಫ್ಯಾನ್ ಪುಸ್ತಕಕ್ಕೆ ಸೇರಬೇಕಾದದ್ದು 1,650ರಲ್ಲಿ, ಅಂದರೆ 19,800ಕ್ಕೆ. ಕ್ರೆಡಿಟ್ ನೋಟಿನಲ್ಲಿರುವ 2,000 ಮಾರಾಟದ ಬೆಲೆ, ಅದು ಸ್ಟಾಕಿನ ಬೆಲೆಯಲ್ಲ. ವೋಚರ್ ಹಾಕಿದ ಮೇಲೆ ಆ ಐಟಂನ ಸ್ಟಾಕ್ ಬೆಲೆ ಒಮ್ಮೆ ತೆಗೆದು ನೋಡಿ. ಪೆಟ್ಟು ಬಿದ್ದ ಮೂರನ್ನು ಬೇರೆ ಗೋಡೌನಿಗೆ ಹಾಕುತ್ತೇನೆ. ಗುಜರಿಗೆ ಒಂದಕ್ಕೆ 400 ಸಿಗುತ್ತದೆ ಅಂದರೆ, ತಲಾ 1,250ರಂತೆ 3,750 ನಷ್ಟ ಬರೆಯಬೇಕು. ಪಾರ್ಟಿಗೆ ಕೊಡುವ ಕ್ರೆಡಿಟ್ ನೋಟ್ ಇದರಿಂದ ಬದಲಾಗುವುದಿಲ್ಲ. ನಾವು ಒಪ್ಪಿ ತಗೊಂಡ ಮೇಲೆ 12ಕ್ಕೂ ಪೂರ್ತಿ. ಆ ಮೂರನ್ನು ಗುಜರಿಗೆ ತೆರಿಗೆ ಹಾಕಿ ಮಾರಿದರೆ ಸರಿ. ಹಾಗೇ ಎಸೆದುಬಿಟ್ಟರೆ, ಅವುಗಳ ಖರೀದಿಯಲ್ಲಿ ತಗೊಂಡಿದ್ದ ಕ್ರೆಡಿಟ್, ತಲಾ 297ರಂತೆ 891 ರೂಪಾಯಿ, ವಾಪಸ್ ಮಾಡಬೇಕು. ಇದನ್ನು ಮರೆಯುವವರೇ ಜಾಸ್ತಿ.

ಮಾಲು ಬಂದ ದಿನವೇ ಕ್ರೆಡಿಟ್ ನೋಟ್ ಕೊಡಲಾಗದೆ, ಪರೀಕ್ಷೆ ಮಾಡಿ ನಾಲ್ಕು ದಿನ ಬಿಟ್ಟು ಕೊಡುವ ಅಂಗಡಿಗಳಿವೆ. ಅವರು ಮಾಲು ಬಂದ ದಿನ `Rejection In` ವೋಚರ್ ಹಾಕುತ್ತಾರೆ, ಆಮೇಲೆ ಕ್ರೆಡಿಟ್ ನೋಟ್. ಇದೂ ಒಳ್ಳೆಯ ಪದ್ಧತಿ. ಆದರೆ ಎರಡಕ್ಕೂ ಒಂದೇ ಟ್ರ್ಯಾಕಿಂಗ್ ನಂಬರ್ ಕೊಡಬೇಕು. ಕೊಡದಿದ್ದರೆ 12 ಫ್ಯಾನ್ ಎರಡು ಸಲ ಒಳಗೆ ಬಂದು 24 ಆಗುತ್ತವೆ. ಗೋಡೌನಿನಲ್ಲಿ ಎಣಿಸುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ದಿನಕ್ಕೆ ಒಂದೆರಡು ರಿಟರ್ನ್ ಬರುವ ಚಿಕ್ಕ ಅಂಗಡಿಗೆ ಕ್ರೆಡಿಟ್ ನೋಟ್ ಒಂದೇ ಸಾಕು.

ಇನ್ನು ಕೊಂಡವರ ಕಡೆ. "ನಾವೇ ಡೆಬಿಟ್ ನೋಟ್ ಕಳಿಸಿದ್ದೀವಲ್ಲ, ಸಾಲದಾ?" ಅಂತ ಕೇಳುತ್ತಾರೆ. ಅದು ಅವರ ಪುಸ್ತಕಕ್ಕೆ ಮಾತ್ರ. ನಮ್ಮ ತೆರಿಗೆ ಕಮ್ಮಿಯಾಗಬೇಕಾದರೆ ಮಾರಿದವರಾದ ನಾವೇ ಕ್ರೆಡಿಟ್ ನೋಟ್ ಕೊಡಬೇಕು. ಅವರೂ ತಗೊಂಡ 4,320 ಕ್ರೆಡಿಟ್ ಬಿಡಬೇಕು. 2025ರ ಹಣಕಾಸು ಕಾಯ್ದೆಯ ತಿದ್ದುಪಡಿ ಇದನ್ನು ಖಡಾಖಂಡಿತ ಹೇಳಿದೆ: ಅವರು ವಾಪಸ್ ಮಾಡದಿದ್ದರೆ ನಮಗೆ ಕಳೆಯುವ ಹಕ್ಕಿಲ್ಲ. 2024ರ ಅಕ್ಟೋಬರಿನಲ್ಲಿ ಬಂದ, ಬಿಲ್ಲು ಮತ್ತು ನೋಟುಗಳನ್ನು ಒಪ್ಪುವ ಇಲ್ಲವೇ ತಿರಸ್ಕರಿಸುವ ಪೋರ್ಟಲ್ ವ್ಯವಸ್ಥೆ ಐಎಂಎಸ್‌ನಲ್ಲಿ ಅವರಿಗೆ ನಮ್ಮ ಕ್ರೆಡಿಟ್ ನೋಟ್ ಕಾಣುತ್ತದೆ. ಇದೇನೋ ಗೊತ್ತಿಲ್ಲ ಅಂತ ಅವರ ಲೆಕ್ಕಿಗ ರಿಜೆಕ್ಟ್ ಒತ್ತಿದರೆ, ಮುಂದಿನ 3ಬಿಯಲ್ಲಿ ಆ ಮೊತ್ತ ನಮ್ಮ ತಲೆಗೆ ಮತ್ತೆ ಸೇರುತ್ತದೆ. ಅದಕ್ಕೆ ಕ್ರೆಡಿಟ್ ನೋಟಿನ ಪಿಡಿಎಫ್ ಅನ್ನು ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ನಂಬರ್ ಹೇಳಿಬಿಡುತ್ತೇನೆ.

ದರದ ಬಗ್ಗೆ ಒಂದು ಮಾತು. ಫ್ಯಾನಿಗೆ ಏನೂ ಬದಲಾಗಲಿಲ್ಲ. ಆದರೆ ಎಸಿ ಮಾರುವವರಿಗೆ 2025ರ ಸೆಪ್ಟೆಂಬರ್ 22ರಿಂದ ದರ 28ರಿಂದ 18ಕ್ಕೆ ಇಳಿಯಿತು. ಆಗಸ್ಟಿನಲ್ಲಿ ಮಾರಿದ ಎಸಿ ಅಕ್ಟೋಬರಿನಲ್ಲಿ ವಾಪಸ್ ಬಂದರೆ ಕ್ರೆಡಿಟ್ ನೋಟ್ 28ರಲ್ಲೇ ಇರಬೇಕು. ಐಟಂ ಮಾಸ್ಟರಿನಲ್ಲಿ ಹೊಸ ದರ ಇರುವುದರಿಂದ ಸಾಫ್ಟ್‌ವೇರ್ ಸುಮ್ನೆ 18 ಹಾಕಿಬಿಡಬಹುದು, ನೋಡಿಕೊಳ್ಳಿ.

ಮೂರನೇ ದಾರಿಯಲ್ಲಿ ಕೊಂಡವರೇ ನಮಗೆ ಬಿಲ್ಲು ಹಾಕುತ್ತಾರೆ. ವಾಪಸ್ ಕಳಿಸುವುದನ್ನೇ ಹೊಸ ಮಾರಾಟ ಅಂತ ತೋರಿಸುವುದು. ಇದು ಕಾನೂನಿಗೆ ಹೊರಗಿನದಲ್ಲ. ಅವಧಿ ಮುಗಿದ ಔಷಧಿಗಳ ಬಗ್ಗೆ 2018ರ ಅಕ್ಟೋಬರಿನಲ್ಲಿ ಬಂದ 72ನೇ ಸುತ್ತೋಲೆ ಇದಕ್ಕೆ ಅವಕಾಶ ಕೊಟ್ಟಿದೆ, ಬೇರೆ ಕಾರಣದ ವಾಪಸಿಗೂ ಅನ್ವಯಿಸಬಹುದು ಅಂದಿದೆ. ತೆರಿಗೆಯಲ್ಲಿ ನಷ್ಟವಿಲ್ಲ: ಅವರು 4,320 ಕಟ್ಟುತ್ತಾರೆ, ನಾವು ಕ್ರೆಡಿಟ್ ತಗೊಳ್ಳುತ್ತೇವೆ. ದೊಡ್ಡ ಅಂಗಡಿಗಳು ಇದನ್ನೇ ಕೇಳುತ್ತವೆ, ಅವರಿಗೆ ನಮ್ಮ ಕ್ರೆಡಿಟ್ ನೋಟಿಗೆ ಕಾಯುವ ಗೋಜಿಲ್ಲ.

ಆದರೆ ಟೆಸ್ಟ್ ಕಂಪನಿಯಲ್ಲಿ ಹಾಕಿದಾಗ ಲಾಭ 4,200 ಜಾಸ್ತಿ ಬಂತು. ಕಾರಣ ಸರಳ. ಖರೀದಿ ಅಂತ ಬರೆದ ಮೇಲೆ 12 ಫ್ಯಾನ್ 2,000ದಂತೆ ಸ್ಟಾಕಿಗೆ ಸೇರಿದವು, ಜೂನ್ ಮಾರಾಟ 80,000 ಹಾಗೇ ಉಳಿಯಿತು. ಗೋಡೌನಿನಲ್ಲೇ ಇರುವ ಫ್ಯಾನಿನ ಮೇಲೆ ತಲಾ 350 ಲಾಭ! ಮೇಲಾಗಿ ಅದೇ ಪಾರ್ಟಿ ಒಂದು ಕಡೆ 94,400 ಕೊಡಬೇಕಾದವರು, ಇನ್ನೊಂದು ಕಡೆ 28,320 ನಾವೇ ಕೊಡಬೇಕಾದವರು. ಜರ್ನಲ್ ಹಾಕಿ ಹೊಂದಿಸದಿದ್ದರೆ ಬಾಕಿ ಪಟ್ಟಿ ಎರಡೂ ಕಡೆ ಉಬ್ಬುತ್ತದೆ. ಕೊಂಡವರು ಕಾಂಪೋಸಿಷನ್‌ನಲ್ಲಿದ್ದರಂತೂ ಈ ದಾರಿ ಬೇಡವೇ ಬೇಡ. ಅವರು ತೆರಿಗೆ ಬಿಲ್ಲು ಕೊಡುವ ಹಾಗಿಲ್ಲ, ನಮಗೆ ಕ್ರೆಡಿಟ್ ಬರುವುದಿಲ್ಲ.

ನಾಲ್ಕನೆಯದು ತೆರಿಗೆ ಮುಟ್ಟದ, ಬರೀ ವ್ಯಾಪಾರದ ಕ್ರೆಡಿಟ್ ನೋಟ್. ಪಾರ್ಟಿಗೆ 24,000 ಮಾತ್ರ ಕಳೆಯುತ್ತೇವೆ, ಜಿಎಸ್‌ಟಿ ಅವರ ಬಳಿ ಹಾಗೇ ಇರುತ್ತದೆ. ವರ್ಷದ ಕೊನೆಯ ಡಿಸ್ಕೌಂಟಿಗೆ ಇದು ಚೆನ್ನಾಗಿದೆ. ಮಾಲು ವಾಪಸಿಗೆ ನನಗೆ ಹಿಡಿಸುವುದಿಲ್ಲ. ಮಾಲು ನಮ್ಮ ಗೋಡೌನಿನಲ್ಲಿ, ಅದರ ಕ್ರೆಡಿಟ್ ಅವರ ಪುಸ್ತಕದಲ್ಲಿ. ಪಾರ್ಟಿ ಪೂರ್ತಿ 28,320 ಬೇಕು ಅಂತ ಹಟ ಹಿಡಿದರೆ 4,320 ನಮ್ಮ ಜೇಬಿನಿಂದ ಹೋಗುತ್ತದೆ.

ಹಾಗಾದರೆ ಎರಡನೇ ದಾರಿ ಬಿಟ್ಟು ಬೇರೆಯದು ಬೇಕಾಗುವುದು ಯಾವಾಗ? ಗಡುವು ದಾಟಿದಾಗ. 2025-26ರಲ್ಲಿ ಮಾರಿದ್ದಕ್ಕೆ ತೆರಿಗೆ ಇಳಿಸುವ ಕ್ರೆಡಿಟ್ ನೋಟನ್ನು 2026ರ ನವೆಂಬರ್ 30ರೊಳಗೆ ರಿಟರ್ನಿನಲ್ಲಿ ತೋರಿಸಬೇಕು. ವಾರ್ಷಿಕ ರಿಟರ್ನ್ ಅದಕ್ಕಿಂತ ಮೊದಲೇ ಹಾಕಿದರೆ ಅವತ್ತಿಗೇ ಬಾಗಿಲು ಮುಚ್ಚಿತು. ಆಮೇಲೆ ಬಂದ ಮಾಲಿಗೆ, ಕೊಂಡವರು ಒಪ್ಪಿದರೆ, ಮೂರನೇ ದಾರಿ ಹಿಡಿಯುತ್ತೇನೆ. ಆಗ ಸ್ಟಾಕಿಗೆ ಸೇರಿದ ಆ ತಲಾ 350 ಲಾಭವನ್ನು ವರ್ಷದ ಕೊನೆಯಲ್ಲಿ ಕೈಯಿಂದಲೇ ತೆಗೆಯಬೇಕು. ಅವರು ಒಪ್ಪದಿದ್ದರೆ ನಾಲ್ಕನೆಯದು. 24,000ಕ್ಕೆ ಮೇಲೆ ಒಂದು ರೂಪಾಯಿಯೂ ಇಲ್ಲ ಅಂತ ಮಾಲು ಇಳಿಸಿಕೊಳ್ಳುವ ಮೊದಲೇ ಮಾತಾಡಿಕೊಳ್ಳಬೇಕು.