ಎಳೆಯದೆ ತುಂಬುವ ತಾರೀಕು: ಬಹಳ ಕಾಲದಿಂದ SEQUENCE ಬಳಸಿದ ಮೇಲೆ

ತಿಂಗಳ ಹಾಜರಿ ಶೀಟ್ ಮಾಡುವವರಿಗೆ SEQUENCE ನಿಜಕ್ಕೂ ಕೆಲಸಕ್ಕೆ ಬರುವ ಫಾರ್ಮುಲಾ. ಒಂದು ಸೆಲ್‌ನಲ್ಲಿ ಬರೆದರೆ ಸಾಕು, ಸಂಖ್ಯೆ ಅಥವಾ ತಾರೀಕುಗಳನ್ನು ಅದೇ ಕೆಳಗಿನವರೆಗೆ ಸಾಲಾಗಿ ತುಂಬುತ್ತದೆ. ನಾನು ಇದನ್ನು ಬಹಳ ಕಾಲದಿಂದ ಬಳಸುತ್ತಿದ್ದೇನೆ. ಎಕ್ಸೆಲ್ 2021, ಮೈಕ್ರೋಸಾಫ್ಟ್ 365, ಗೂಗಲ್ ಶೀಟ್ಸ್ ಎಲ್ಲದರಲ್ಲೂ ಇದೆ. ಎಕ್ಸೆಲ್ 2019ರಲ್ಲಿ ಇಲ್ಲ.

A1ರಲ್ಲಿ ತಿಂಗಳ ಮೊದಲ ತಾರೀಕು ಹಾಕಿ, A3ರಲ್ಲಿ ಇದನ್ನು ಬರೆಯುತ್ತೇನೆ:

```
=SEQUENCE(DAY(EOMONTH(A1,0)),1,A1)
```

EOMONTH ಆ ತಿಂಗಳ ಕೊನೆಯ ತಾರೀಕು ಕೊಡುತ್ತದೆ. DAY ಅದರಿಂದ ದಿನಗಳ ಲೆಕ್ಕ ತೆಗೆಯುತ್ತದೆ. ಅಷ್ಟು ಸಾಲು, ಒಂದು ಕಾಲಂ, A1ರಿಂದ ಶುರು. ಫೆಬ್ರವರಿ 2026 ಹಾಕಿದರೆ 28 ತಾರೀಕು ಬರುತ್ತವೆ, ಮಾರ್ಚ್ ಹಾಕಿದರೆ 31. ಮೌಸ್ ಹಿಡಿದು ಎಳೆಯುವುದೂ ಬೇಡ, ಜಾಸ್ತಿ ಆದದ್ದನ್ನು ಅಳಿಸುವುದೂ ಬೇಡ.

ತಾರೀಕಿನ ಬದಲು 46054 ಅಂತ ಕಂಡರೆ ಗಾಬರಿ ಬೇಡ. ಅದೇ 2026ರ ಫೆಬ್ರವರಿ 1. ಎಕ್ಸೆಲ್ ತಾರೀಕನ್ನು ಒಳಗೆ ಸಂಖ್ಯೆಯಾಗಿಯೇ ಇಡುತ್ತದೆ. A3ರಿಂದ A33ರವರೆಗೆ 31 ಸೆಲ್‌ಗಳಿಗೂ ಮೊದಲೇ ತಾರೀಕಿನ ಫಾರ್ಮ್ಯಾಟ್ ಕೊಟ್ಟುಬಿಡಿ. 28ಕ್ಕೇ ಕೊಟ್ಟರೆ ಮಾರ್ಚ್‌ನ ಕೊನೆಯ ಮೂರು ದಿನ ಸಂಖ್ಯೆಯಾಗಿ ಉಳಿಯಬಹುದು.

ಒಟ್ಟು ಲೆಕ್ಕದ ಸಾಲನ್ನು ಕೆಳಗೆ ಇಡಬೇಡಿ. A32ರಲ್ಲಿ ‘ಒಟ್ಟು’ ಅಂತ ಬರೆದಿದ್ದರೆ ಫೆಬ್ರವರಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಮಾರ್ಚ್‌ಗೆ A33ರವರೆಗೆ ಜಾಗ ಬೇಕಲ್ವಾ? ಆಗ ಎಕ್ಸೆಲ್ `#SPILL!` ತೋರಿಸುತ್ತದೆ, ಗೂಗಲ್ ಶೀಟ್ಸ್ `#REF!` ತೋರಿಸುತ್ತದೆ. ನಾನು ಒಟ್ಟು ಲೆಕ್ಕವನ್ನು ಮೇಲೆ, ಎರಡನೇ ಸಾಲಿನಲ್ಲಿ ಇಡುತ್ತೇನೆ. ಇನ್ನೊಂದು ಮಾತು: ಎಕ್ಸೆಲ್‌ನಲ್ಲಿ Ctrl+T ಒತ್ತಿ ಮಾಡಿದ ಟೇಬಲ್ ಒಳಗೆ ಇದು ನಡೆಯುವುದಿಲ್ಲ, ಅಲ್ಲೂ `#SPILL!` ಬರುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ, ಅದಕ್ಕೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಪಕ್ಕದ ಕಾಲಂನಲ್ಲಿ ನಾವು ಕೈಯಿಂದ ತುಂಬಿದ ಹಾಜರಿ ತಾರೀಕಿಗೆ ಅಂಟಿಕೊಂಡಿರುವುದಿಲ್ಲ. A1ನಲ್ಲಿ ಫೆಬ್ರವರಿ ತೆಗೆದು ಮಾರ್ಚ್ ಹಾಕಿದರೆ ತಾರೀಕು ಮಾತ್ರ ಬದಲಾಗುತ್ತದೆ, ಫೆಬ್ರವರಿಯ ಹಾಜರಿ ಅಲ್ಲೇ ಕೂತಿರುತ್ತದೆ. ಶೀಟ್ ಮಾತ್ರ ನೋಡೋಕೆ ಸರಿಯಾಗಿಯೇ ಇರುತ್ತದೆ! ಅದಕ್ಕೇ ನಾನು ಖಾಲಿ ಶೀಟ್ ಒಂದನ್ನು ಹಾಗೇ ಇಟ್ಟುಕೊಂಡು, ಪ್ರತಿ ತಿಂಗಳು ಅದರ ನಕಲು ತೆಗೆಯುತ್ತೇನೆ. ತುಂಬಿ ಮುಗಿದ ಮೇಲೆ ತಾರೀಕಿನ ಕಾಲಂ ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಮಾತ್ರ ಅಂಟಿಸುತ್ತೇನೆ. ಆಮೇಲೆ A1 ಯಾರು ಮುಟ್ಟಿದರೂ ಹಳೆಯ ತಾರೀಕು ಕದಲುವುದಿಲ್ಲ.

ಕ್ರಮಸಂಖ್ಯೆಗೂ ಇದೇ ಫಾರ್ಮುಲಾ ಸಾಕು. ಬೇರೊಂದು ಶೀಟ್‌ನಲ್ಲಿ ಹೆಸರುಗಳು B2ರಿಂದ ಕೆಳಗೆ ಇದ್ದರೆ A2ರಲ್ಲಿ:

```
=SEQUENCE(COUNTA(B2:B500))
```

ಹೆಸರು ಸೇರಿಸಿದಂತೆ ಸಂಖ್ಯೆ ಬೆಳೆಯುತ್ತದೆ. ನಡುವೆ ಒಂದು ಹೆಸರು ಖಾಲಿ ಬಿಟ್ಟರೆ ಮಾತ್ರ ಕೊನೆಯವರಿಗೆ ಸಂಖ್ಯೆ ಸಿಗುವುದಿಲ್ಲ. ಪಟ್ಟಿಗೆ ಇದು ಚೆನ್ನಾಗಿದೆ, ಆದರೆ ರಸೀದಿ ನಂಬರಿಗೆ ಖಂಡಿತ ಬೇಡ. ಒಂದು ಸಾಲು ಅಳಿಸಿದರೆ ಅದರ ಕೆಳಗಿನ ಎಲ್ಲ ನಂಬರ್ ಬದಲಾಗುತ್ತವೆ, ಕೊಟ್ಟ ರಸೀದಿಗೂ ಶೀಟಿಗೂ ತಾಳೆಯಾಗುವುದಿಲ್ಲ. ಅಂಥ ನಂಬರನ್ನು ನಾನು ಈಗಲೂ ಕೈಯಿಂದಲೇ ಟೈಪ್ ಮಾಡುತ್ತೇನೆ.