ಐಸ್ ಮೇಲೆ ಬಿಸಿ ಕಾಫಿನಾ, ರಾತ್ರಿಯಿಡೀ ನೆನೆಸಿದ್ದಾ? ಒಂದೇ ಬೀಜ, ಎರಡು ಗ್ಲಾಸು

ಏಪ್ರಿಲ್‌ನಲ್ಲಿ ಕಾಲು ಕೆಜಿ ಚಿಕ್ಕಮಗಳೂರು ಅರೇಬಿಕಾ ತಂದೆ, ವಾಶ್ಡ್, ಮೀಡಿಯಂ ರೋಸ್ಟ್, ಚಿಕೋರಿ ಇಲ್ಲ. ಬೆಂಗಳೂರಿನ ಬಿಸಿಲಿಗೆ ಬಿಸಿ ಕಾಫಿ ಬೇಡ ಅನ್ನಿಸ್ತಿತ್ತು, ಅದಕ್ಕೆ ಅದೇ ಬೀಜದಲ್ಲಿ ಎರಡು ಥರ ಕೋಲ್ಡ್ ಕಾಫಿ ಮಾಡಿ ಪಕ್ಕಪಕ್ಕ ಇಟ್ಕೊಂಡು ಕುಡಿದೆ. ಒಂದು ಫ್ಲಾಶ್ ಚಿಲ್, ಅಂದ್ರೆ ಪೇಪರ್ ಫಿಲ್ಟರ್ ಇಟ್ಟು ಕಾಫಿ ಇಳಿಸೋ ಡ್ರಿಪ್ಪರ್ ಕೆಳಗಿನ ಜಗ್ಗಿಗೆ ಐಸ್ ಹಾಕಿ ಅದರ ಮೇಲೇನೇ ಬಿಸಿ ಕಾಫಿ ಇಳಿಸೋದು. ಇನ್ನೊಂದು ಎಲ್ಲರಿಗೂ ಗೊತ್ತಿರೋ ಕೋಲ್ಡ್ ಬ್ರೂ, ಪುಡೀನ ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿ ಸೋಸೋದು.

ಫ್ಲಾಶ್ ಚಿಲ್ ಮೊದಲ ಸಲ ಪೂರ್ತಿ ಕೆಟ್ಟೋಯ್ತು. ದಿನಾ ಮಾಡೋ ಹಂಗೆ 20 ಗ್ರಾಂ ಪುಡಿಗೆ 300 ಎಂಎಲ್ ನೀರು ಹಾಕಿ ಕೆಳಗೆ ಒಂದಷ್ಟು ಐಸ್ ಇಟ್ಟಿದ್ದೆ, ಬಂದಿದ್ದು ಕಾಫಿ ಬಣ್ಣದ ನೀರು. ಐಸ್ ಕೂಡ ನೀರಿನ ಲೆಕ್ಕಕ್ಕೇ ಬರತ್ತೆ ಅನ್ನೋದೇ ತಲೇಗೆ ಹೋಗಿರ್ಲಿಲ್ಲ. ಎರಡನೇ ಸಲ ಆ 300ನ್ನೇ ಒಡೆದು 180 ಬಿಸಿನೀರು, 120 ಗ್ರಾಂ ಐಸ್ ಮಾಡ್ದೆ. ನೀರೇನೋ ಸರಿಹೋಯ್ತು, ಆದ್ರೆ ಈಗ ಹುಳಿ ಹುಳಿ, ನಿಂಬೆಹಣ್ಣು ಹಿಂಡಿದ ಹಂಗೆ, ಗಂಟಲಲ್ಲಿ ಏನೂ ಉಳೀತಿಲ್ಲ. ಕಾರಣ ಇಷ್ಟೇ, ಅಷ್ಟೇ ಪುಡೀಲಿ ಈಗ ಕಮ್ಮಿ ನೀರು ಹಾದುಹೋಗ್ತಿದೆ, ಹುಳಿ ಮೊದಲು ಬಿಟ್ಕೊಂಡುಬಿಡತ್ತೆ, ಸಿಹಿ ಬರೋಕ್ ಮುಂಚೆನೇ ನೀರು ಖಾಲಿ. ಗ್ರೈಂಡರ್ ಎರಡು ಕ್ಲಿಕ್ ಸಣ್ಣ ಮಾಡ್ಕೊಂಡೆ, ನೀರು ಕುದಿ ಬಂದ ತಕ್ಷಣಾನೇ ಹಾಕ್ದೆ, ಮೊದಲು 45 ಎಂಎಲ್ ಹಾಕಿ ಮುಕ್ಕಾಲು ನಿಮಿಷ ಉಬ್ಬೋಕೆ ಬಿಟ್ಟೆ, ಆಮೇಲೆ ಉಳಿದಿದ್ದನ್ನ ನಿಧಾನಕ್ಕೆ ಮೂರು ಸಲ. ಆಗ ಸಿಕ್ತು ನೋಡಿ. ಪುಡಿ ಸುಮಾರು 40 ಎಂಎಲ್ ಕುಡಿಯತ್ತೆ, ಹಂಗಾಗಿ ಕೊನೇಗೆ ಗ್ಲಾಸಿಗೆ 260ರಷ್ಟು ಬರತ್ತೆ, ಐಸ್ ಹೆಚ್ಚುಕಮ್ಮಿ ಎಲ್ಲಾ ಕರಗಿರತ್ತೆ. ಐಸ್ ತುಂಬಾ ಉಳಿದಿದ್ರೆ ಕಾಫಿ ಇನ್ನೂ ಗಟ್ಟಿಯಾಗೇ ಇರತ್ತೆ, ಜಗ್ಗನ್ನ ಚೆನ್ನಾಗಿ ಅಲ್ಲಾಡಿಸಿ ಆಮೇಲೆ ಹೊಸ ಐಸ್ ಇರೋ ಗ್ಲಾಸಿಗೆ ಸುರೀರಿ.

ಇನ್ನೊಂದು, ಕಾಫೀಲಿ 120 ಗ್ರಾಂ ಐಸೇ ಅಲ್ವಾ, ನಮ್ಮ ಫ್ರೀಜರಲ್ಲಿ ಬಟಾಣಿ ಜೊತೆ ಕಾಯಿತುರಿ ಡಬ್ಬಿ ಇತ್ತು, ಒಂದಿನ ಕಾಫೀಲಿ ಸ್ಪಷ್ಟವಾಗಿ ತೆಂಗಿನಕಾಯಿ! ಈಗ ಐಸ್ ಟ್ರೇಗೆ ಮುಚ್ಚಳ ಇದೆ.

ಕೋಲ್ಡ್ ಬ್ರೂಗೆ ತಲೆಬಿಸಿ ಕಮ್ಮಿ. 60 ಗ್ರಾಂ ಪುಡಿ, ಚಿರೋಟಿ ರವೆ ಥರ ಅಲ್ಲ, ದಪ್ಪ ಉಪ್ಪಿಟ್ಟು ರವೆ ಥರ, ಅದಕ್ಕೆ 480 ಎಂಎಲ್ ತಣ್ಣೀರು, ಫ್ರಿಜ್ಜಲ್ಲಿ 16 ಗಂಟೆ, ಆಮೇಲೆ ಬಟ್ಟೇಲಿ ಸೋಸಿ ಮತ್ತೆ ಪೇಪರ್ ಫಿಲ್ಟರಲ್ಲಿ. ಸುಮಾರು 350 ಎಂಎಲ್ ಗಟ್ಟಿ ಕಾಫಿ, ಕುಡಿಯೋವಾಗ ಅಷ್ಟೇ ನೀರು ಬೆರೆಸ್ಕೋಬೇಕು. ಸಣ್ಣ ಪುಡಿ ಹಾಕಿದ್ರೆ ಸೋಸೋಕೆ ಅರ್ಧ ದಿನ ಬೇಕು, ತಳದಲ್ಲಿ ಕೆಸರು ಬೇರೆ. ಒಂದ್ಸಲ ಮರೆತು 30 ಗಂಟೆ ಬಿಟ್ಟಿದ್ದೆ, ಒದ್ದೆ ಕಟ್ಟಿಗೆ ಚೀಪಿದ ಹಂಗಿತ್ತು.

ರುಚಿಗೆ ಬಂದ್ರೆ, ಇವೆರಡೂ ಒಂದೇ ಬೀಜ ಅಂತ ನನ್ನ ತಮ್ಮ ನಂಬಲೇ ಇಲ್ಲ. ಫ್ಲಾಶ್ ಚಿಲ್‌ನಲ್ಲಿ ಗ್ಲಾಸ್ ಮೂಗಿನ ಹತ್ರ ತಂದಾಗ್ಲೇ ಘಮ, ಕಿತ್ತಳೆ ಸಿಪ್ಪೆ ಥರದ ಹುಳಿ, ಕೊನೇಗೆ ಬೆಲ್ಲದ ಸಿಹಿ. ಬಿಸಿನೀರು ಆ ಘಮ ಹುಳಿ ಎರಡನ್ನೂ ಹೊರಗೆ ಎಳೆಯತ್ತೆ, ತಕ್ಷಣ ತಣ್ಣಗಾಗೋದ್ರಿಂದ ಘಮ ಆವಿಯಾಗಿ ಹೋಗೋಕೆ ಟೈಮ್ ಸಿಗಲ್ಲ. ಕೋಲ್ಡ್ ಬ್ರೂ ದುಂಡಗೆ, ಚಾಕೊಲೇಟ್ ಥರ, ಹುಳಿ ಕಮ್ಮಿ, ಆದ್ರೆ ಮೂಗಿಗೆ ಏನೂ ಇಲ್ಲ. ತಣ್ಣೀರಿಗೆ ಅದನ್ನೆಲ್ಲ ಬಿಡಿಸೋ ಶಕ್ತಿ ಅಷ್ಟಿಲ್ಲ. ನಾನು ಕಾಸು ಕೊಟ್ಟಿದ್ದೇ ಆ ಕಿತ್ತಳೆಗೆ, ಹಂಗಾಗಿ ಈ ಬೀಜಕ್ಕೆ ಫ್ಲಾಶ್ ಚಿಲ್ಲೇ ಸರಿ. ಡಾರ್ಕ್ ರೋಸ್ಟ್ ಆಗಿದ್ರೆ, ಇಲ್ಲಾ ಮಾನ್ಸೂನ್ಡ್ ಮಲಬಾರ್ ಥರ ಹುಳಿ ಕಮ್ಮಿ ಇರೋ ಬೀಜ ಆದ್ರೆ, ಕೋಲ್ಡ್ ಬ್ರೂ ಮಾಡ್ತೀನಿ.

ಹಾಲು ಹಾಕೋರಿಗೂ ಕೋಲ್ಡ್ ಬ್ರೂನೇ, ಆ ಗಟ್ಟಿ ಕಾಫಿಗೆ ನೀರಿನ ಬದಲು ತಣ್ಣನೆ ಹಾಲು, ಮುಗೀತು. ಫ್ಲಾಶ್ ಚಿಲ್‌ಗೆ ಹಾಲು ಹಾಕಿದ್ರೆ ಪೂರ್ತಿ ತೆಳ್ಳಗಾಗತ್ತೆ. ಫ್ರಿಜ್ಜಲ್ಲಿ ಇಟ್ರೆ ಕೋಲ್ಡ್ ಬ್ರೂ ನಾಲ್ಕು ದಿನ ಹಂಗೇ ಇತ್ತು, ಫ್ಲಾಶ್ ಚಿಲ್ ಮಾರನೇ ದಿನಕ್ಕೇ ಸಪ್ಪೆ. ಖರ್ಚು ಮಾತ್ರ ನಾನಂದುಕೊಂಡ ಹಂಗೆ ಇರ್ಲಿಲ್ಲ, ಅದೇ 260ರ ಲೆಕ್ಕದಲ್ಲಿ ಕೋಲ್ಡ್ ಬ್ರೂನ 60 ಗ್ರಾಮಿಗೆ ಮೂರು ಗ್ಲಾಸೂ ಪೂರ್ತಿ ಬರಲ್ಲ, ಅಂದ್ರೆ ಗ್ಲಾಸಿಗೆ ಇಪ್ಪತ್ತೆರಡು ಗ್ರಾಂ ಹತ್ರ, ಫ್ಲಾಶ್ ಚಿಲ್‌ಗೆ ಇಪ್ಪತ್ತು.

ಮತ್ತೆ ಮನೇಲಿರೋ ಫಿಲ್ಟರ್ ಕಾಫಿ ಪುಡೀಲೇ ಮಾಡ್ಬಹುದಾ ಅಂತ ಕೇಳೋರಿಗೆ, ನೋಡಿದೀನಿ, ಡ್ರಿಪ್ಪರಲ್ಲಿ ನೀರು ಇಳಿಯೋದೇ ಇಲ್ಲ, ಅಷ್ಟು ಸಣ್ಣ ಅದು, ಜೊತೆಗೆ ಚಿಕೋರಿ ಅಂಟು. ಆ ಪುಡಿಗೆ ನಮ್ಮ ಸ್ಟೀಲ್ ಫಿಲ್ಟರೇ ಸರಿ, ಗಟ್ಟಿ ಡಿಕಾಕ್ಷನ್ ಇಳಿಸಿ ಐಸು, ತಣ್ಣನೆ ಹಾಲು, ಸಕ್ಕರೆ. ಅಮ್ಮ ಮೂರರಲ್ಲಿ ಖಾಲಿ ಮಾಡಿದ್ದು ಅದೊಂದನ್ನೇ.